ಎರಡು ದಿನದ ದುರಸ್ತಿಗೆ ‘ಸ್ಥಗಿತ’ ಎನ್ನಬಹುದೇ?

ಪ್ರಶ್ನೆ: ನಮ್ಮ ಪಂಚಾಯಿತಿಯ ಶುದ್ಧ ಕುಡಿಯುವ ನೀರಿನ ಘಟಕವನ್ನು ಮೆಂಬ್ರೇನ್ ಬದಲಿಸಲು ಎರಡು ದಿನ ನಿಲ್ಲಿಸಬೇಕಿದೆ. ಸುತ್ತೋಲೆಯ ಕರಡಿನಲ್ಲಿ ‘ಸ್ಥಗಿತ’ ಎಂದು ಬರೆದೆ. ಒಬ್ಬರು ‘ಅಮಾನತು’ ಎಂದು ತಿದ್ದಿದರು, ಇನ್ನೊಬ್ಬರು ‘ವ್ಯತ್ಯಯ’ ಸಾಕು ಎಂದರು. ಯಾವುದು ಸರಿ?
– ಪಂಚಾಯಿತಿ ಸಿಬ್ಬಂದಿ, ಮುಳಬಾಗಿಲು ತಾಲ್ಲೂಕು

ಉತ್ತರ: ನಿಮ್ಮ ಮೊದಲ ಪದವೇ ಸರಿ, ಆದರೆ ಅದು ಒಂಟಿಯಾಗಿ ನಿಲ್ಲಲಾರದು. ‘ಸ್ಥಗಿತ’ ಎಂಬ ಪದ ಕೆಲಸ ನಿಂತಿದೆ ಎಂದಷ್ಟೇ ಹೇಳುತ್ತದೆಯೇ ಹೊರತು ಮತ್ತೆ ಆರಂಭವಾಗುವುದೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ಅವಧಿ ಬರೆಯದಿದ್ದರೆ ಕ್ಯಾನ್ ಹಿಡಿದು ಬಂದವರು ಘಟಕವೇ ಮುಚ್ಚಿತೆಂದು ತಿಳಿಯುತ್ತಾರೆ.

ಇನ್ನೂ ಸೂಕ್ಷ್ಮವಾದದ್ದು ಕ್ರಿಯಾಪದದ ರೂಪ. ‘ಸ್ಥಗಿತಗೊಂಡಿದೆ’ ಎಂದರೆ ತಾನಾಗಿ ಕೆಟ್ಟು ನಿಂತಿದೆ ಎಂದಾಗುತ್ತದೆ. ‘ಸ್ಥಗಿತಗೊಳಿಸಲಾಗಿದೆ’ ಎಂದರೆ ಕಚೇರಿಯೇ ಈಗಾಗಲೇ ನಿಲ್ಲಿಸಿದೆ ಎಂದರ್ಥ. ನೀವು ಮುಂದೆ ನಿಲ್ಲಿಸಲಿದ್ದೀರಿ, ಆದ್ದರಿಂದ ‘ಸ್ಥಗಿತಗೊಳಿಸಲಾಗುವುದು’ ಎಂಬ ರೂಪವೇ ಬೇಕು. ಹಳೆಯ ಸುತ್ತೋಲೆಯ ಕೊನೆಯ ಸಾಲನ್ನು ಹಾಗೆಯೇ ನಕಲು ಮಾಡುವಾಗ ತಪ್ಪುವುದು ಸಾಮಾನ್ಯವಾಗಿ ಇಲ್ಲಿಯೇ.

‘ಅಮಾನತು’ ಇಲ್ಲಿ ಸಲ್ಲದು. ಆ ಪದ ನೌಕರನಿಗೆ ಅಥವಾ ಪರವಾನಗಿಗೆ ಅಂಟುವಂಥದ್ದು. ಅದರ ಹಿಂದೆ ಆರೋಪ, ವಿಚಾರಣೆಗಳ ನೆರಳಿರುತ್ತದೆ. ಘಟಕವನ್ನು ಅಮಾನತು ಮಾಡಿದರೆ ಅದು ಮಾಡಿದ ತಪ್ಪೇನೆಂದು ಜನ ಕೇಳಿಯಾರು! ‘ರದ್ದು’ ಎಂಬುದು ಆದೇಶವನ್ನೋ ಮಂಜೂರಾತಿಯನ್ನೋ ಇಲ್ಲವಾಗಿಸುವ ಮಾತಾದ್ದರಿಂದ ಅದನ್ನೂ ಬಿಡಿ.

‘ವ್ಯತ್ಯಯ’ ಸೌಮ್ಯವಾಗಿ ಕೇಳಿಸುವುದರಿಂದ ವಿದ್ಯುತ್ತು, ನೀರಿನ ಪ್ರಕಟಣೆಗಳಲ್ಲಿ ಬಹಳ ಓಡಾಡುತ್ತದೆ. ಪದದ ಮೂಲಾರ್ಥ ಏರುಪೇರು, ಅದಲುಬದಲು. ನೀರು ಕಡಿಮೆ ಬರುವುದೋ, ತಡವಾಗಿ ಬರುವುದೋ, ಬರುವುದೇ ಇಲ್ಲವೋ ಎಂಬುದು ಅದರಿಂದ ತಿಳಿಯದು. ಒಂದು ಹೊತ್ತು ಬಿಟ್ಟು ಒಂದು ಹೊತ್ತು ನೀರು ಕೊಡುವುದಾದರೆ ಅದು ಒಪ್ಪುವ ಪದ; ಪೂರ್ತಿ ನಿಲ್ಲಿಸುವಾಗ ಅದನ್ನು ಬಳಸುವುದು, ನನ್ನ ಅಭಿಪ್ರಾಯದಲ್ಲಿ, ವಿಷಯವನ್ನು ಮರೆಮಾಚಿದಂತೆ.

ನಿಮ್ಮ ವಾಕ್ಯ ಹೀಗಿರಲಿ: ‘ಮೆಂಬ್ರೇನ್ ಬದಲಿಸುವ ಕಾರಣ ದಿನಾಂಕ 10ರ ಬೆಳಿಗ್ಗೆ 6 ಗಂಟೆಯಿಂದ 12ರ ಬೆಳಿಗ್ಗೆ 6 ಗಂಟೆಯವರೆಗೆ ಘಟಕದಿಂದ ನೀರು ವಿತರಣೆಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗುವುದು, ಆ ಬಳಿಕ ವಿತರಣೆ ಪುನರಾರಂಭವಾಗುವುದು.’ ತಿಂಗಳು ಮತ್ತು ವರ್ಷವನ್ನು ತಪ್ಪದೆ ಸೇರಿಸಿ. ‘ಘಟಕವನ್ನು’ ಎನ್ನದೆ ‘ನೀರು ವಿತರಣೆಯನ್ನು’ ಎಂದಿರುವುದನ್ನು ಗಮನಿಸಿ. ನಿಲ್ಲುವುದು ವಿತರಣೆ ಮಾತ್ರ, ಘಟಕದಲ್ಲಿ ಆ ಎರಡು ದಿನವೂ ಕೆಲಸ ನಡೆದಿರುತ್ತದೆ. ಘಟಕದ ಬಾಗಿಲಿಗೆ ಅಂಟಿಸುವ ಹಾಳೆಯಲ್ಲಾದರೆ ‘ಸ್ಥಗಿತ’ವೂ ಬೇಡ, ‘ಎರಡು ದಿನ ನೀರು ಸಿಗುವುದಿಲ್ಲ’ ಎಂದು ದಿನಾಂಕದೊಂದಿಗೆ ದಪ್ಪ ಅಕ್ಷರದಲ್ಲಿ ಬರೆಯಿರಿ.