ಚಾನೆಲ್ ಟ್ರೈಲರ್‌ಗೆ ಟೈಟಲ್, ಡಿಸ್ಕ್ರಿಪ್ಶನ್: ತುಡುವೆ ಜೇನಿನ ಚಾನೆಲ್ ಉದಾಹರಣೆ

ಪ್ರಶ್ನೆ: “ತುಡುವೆ ಜೇನಿನ ಬಗ್ಗೆ ಯೂಟ್ಯೂಬ್ ಚಾನೆಲ್ ಮಾಡಿದ್ದೇನೆ. ಒಂದು ನಿಮಿಷದ ಟ್ರೈಲರ್ ಹಾಕಿದ್ದೇನೆ. ಟೈಟಲ್: ‘ನಮ್ಮ ಚಾನೆಲ್‌ಗೆ ಸ್ವಾಗತ | Channel Trailer | Bee Farming | Honey | Kannada’. ಡಿಸ್ಕ್ರಿಪ್ಶನ್‌ನಲ್ಲಿ ವಾಟ್ಸಾಪ್ ಲಿಂಕ್ ಬಿಟ್ಟರೆ ಏನೂ ಇಲ್ಲ. ಬಂದವರೆಲ್ಲ ಮೆಲ್ಲಿಫೆರಾ ಪೆಟ್ಟಿಗೆ ಎಷ್ಟು ಅಂತ ಕೇಳಿ ಹೋಗ್ತಾರೆ. ಏನು ಬರೀಲಿ?”

ಅಣ್ಣ, ನಿಮ್ಮ ಟೈಟಲ್‌ನಲ್ಲಿ ‘ತುಡುವೆ’ ಅನ್ನುವ ಪದವೇ ಇಲ್ಲವಲ್ಲ. ಬಂದವರು ಮೆಲ್ಲಿಫೆರಾ ಕೇಳುವುದು ಅದಕ್ಕೇ. Bee Farming ಅಂತ ಓದಿದ ಕೊಪ್ಪಳದ ಕಡೆಯವರಿಗೆ ನೆನಪಾಗುವುದು ಸೂರ್ಯಕಾಂತಿ ಹೊಲದ ಬದಿಯಲ್ಲಿ ಸಾಲಾಗಿ ಇಟ್ಟ ದೊಡ್ಡ ಪೆಟ್ಟಿಗೆಗಳು. ನಿಮ್ಮ ಸುಳ್ಯದ ಅಡಿಕೆ ತೋಟದ ಸಣ್ಣ ಪೆಟ್ಟಿಗೆ ಅವರ ತಲೆಯಲ್ಲಿ ಬರುವುದೇ ಇಲ್ಲ. ಚೌಕಟ್ಟಿನ ಅಳತೆಯೇ ಬೇರೆ, ಅಲ್ವಾ?

ಮೊದಲು ಟ್ರೈಲರ್ ಯಾರಿಗೆ ಕಾಣುತ್ತದೆ ಅಂತ ನೋಡೋಣ. ಯೂಟ್ಯೂಬ್ ಸ್ಟುಡಿಯೊದಲ್ಲಿ Customization ಒಳಗೆ ಹೋದರೆ ಎರಡು ಜಾಗ ಇರುತ್ತವೆ. ಒಂದು ಸಬ್‌ಸ್ಕ್ರೈಬ್ ಆಗದವರಿಗೆ ತೋರಿಸುವ ಟ್ರೈಲರ್, ಇನ್ನೊಂದು ಆಗಲೇ ಸಬ್‌ಸ್ಕ್ರೈಬ್ ಆದವರಿಗೆ ತೋರಿಸುವ ವಿಡಿಯೊ. ನಿಮ್ಮ ಟ್ರೈಲರ್ ಮೊದಲನೆಯದಕ್ಕೆ. ಅಂದರೆ ಅದನ್ನು ನೋಡುವವರು ಆಗಲೇ ಎಲ್ಲಿಂದಲೋ ನಿಮ್ಮ ಚಾನೆಲ್ ಪುಟಕ್ಕೆ ಬಂದು ನಿಂತವರು. ಯಾವುದೋ ಒಂದು ವಿಡಿಯೊ ನೋಡಿ, ‘ಇವರು ಯಾರು, ಬೇರೆ ಏನು ಹಾಕಿದ್ದಾರೆ’ ಅಂತ ಚಾನೆಲ್ ಹೆಸರಿನ ಮೇಲೆ ಒತ್ತಿ ಬಂದಿರುತ್ತಾರೆ. ಕಂಪ್ಯೂಟರಿನಲ್ಲಿ ವಿಡಿಯೊ ತಾನೇ ಓಡಲು ಶುರುವಾಗುತ್ತದೆ. ಪಕ್ಕದಲ್ಲೇ ಟೈಟಲ್, ಅದರ ಕೆಳಗೆ ಡಿಸ್ಕ್ರಿಪ್ಶನ್ನಿನ ಮೊದಲ ಕೆಲವು ಸಾಲು ಕಾಣುತ್ತವೆ. ಮೊಬೈಲಿನಲ್ಲಿ ಜಾಗ ಇನ್ನೂ ಕಡಿಮೆ. ಹಾಗಾಗಿ ಟೈಟಲ್ ಒಂದನ್ನೇ ಓದಿದರೂ ವಿಷಯ ತಿಳಿಯಬೇಕು.

ಇದಕ್ಕೇ ಈ ಚರ್ಚೆಯಲ್ಲಿ ಮೇಲೆ ಒಬ್ಬರು ಹೇಳಿದ ‘ಕೀವರ್ಡ್ ತುಂಬಿ, ಸರ್ಚ್‌ನಲ್ಲಿ ಮೇಲೆ ಬರುತ್ತೆ’ ಅನ್ನುವ ಮಾತು ಅರ್ಧ ಮಾತ್ರ ಸರಿ. ‘ಮೇಣದ ಹುಳು ಬಿದ್ದರೆ ಏನು ಮಾಡಬೇಕು’ ಅನ್ನುವಂಥ ವಿಡಿಯೊಗೆ ಜನ ಹುಡುಕುವ ಪದ ಟೈಟಲ್‌ನಲ್ಲಿ ಇರಲೇಬೇಕು. ಆದರೆ ‘ಜೇನು ಚಾನೆಲ್ ಟ್ರೈಲರ್’ ಅಂತ ಯಾರೂ ಹುಡುಕುವುದಿಲ್ಲ. ಡಿಸ್ಕ್ರಿಪ್ಶನ್‌ನಲ್ಲಿ ಪದಗಳ ರಾಶಿ ಸುರಿಯುವುದು ಯೂಟ್ಯೂಬ್ ನಿಯಮಕ್ಕೂ ವಿರುದ್ಧ. ಹ್ಯಾಶ್‌ಟ್ಯಾಗ್ 60 ದಾಟಿದರೆ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡೋ ಮೂರೋ ಹಾಕುವುದಿದ್ದರೆ ಕೊನೆಯಲ್ಲಿ ಹಾಕಿ, ಮೊದಲ ಸಾಲಿನಲ್ಲಿ ಬೇಡ.

ಈಗ ಟೈಟಲ್. ನಿಮ್ಮದರಲ್ಲಿ ‘ಸ್ವಾಗತ’, ‘Channel Trailer’ ಎರಡೂ ತೆಗೆಯಿರಿ. ಅದು ಟ್ರೈಲರ್ ಅಂತ ಗೊತ್ತಾದರೆ ನೋಡುವವರಿಗೆ ಏನೂ ಸಿಗುವುದಿಲ್ಲ. ಯಾವ ಜೇನು, ಎಲ್ಲಿಂದ ಎಲ್ಲಿಯವರೆಗೆ ಕಲಿಸುತ್ತೀರಿ, ಇಷ್ಟು ಬಂದರೆ ಸಾಕು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

ತುಡುವೆ ಜೇನು ಸಾಕಣೆ: ಮೊದಲ ಪೆಟ್ಟಿಗೆಯಿಂದ ತುಪ್ಪ ತೆಗೆಯುವ ತನಕ

ಟೈಟಲ್‌ಗೆ 100 ಅಕ್ಷರದ ಮಿತಿ ಇದೆ. ನಮ್ಮ ಲಿಪಿಯಲ್ಲಿ ಅದು ಬೇಗ ತುಂಬುತ್ತದೆ, ಯಾಕೆಂದರೆ ಕೊಂಬು, ಗುಡಿಸು, ಒತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತಾರೆ. ‘ಪೆಟ್ಟಿಗೆ’ ಕಣ್ಣಿಗೆ ಮೂರೇ ಅಕ್ಷರ, ಅವರ ಲೆಕ್ಕದಲ್ಲಿ 8. ಮೇಲಿನ ಟೈಟಲ್ ನಾವು ಎಣಿಸಿದರೆ 25 ಅಕ್ಷರ, ಅವರ ಲೆಕ್ಕದಲ್ಲಿ ಜಾಗ, ಚಿಹ್ನೆ ಸೇರಿ 54. ಇದಕ್ಕೆ ‘ಕರಾವಳಿ ಮಲೆನಾಡಿನ ರೈತರಿಗಾಗಿ ಸಂಪೂರ್ಣ ಮಾಹಿತಿ’ ಅಂತ ಬಾಲ ಸೇರಿಸಿದರೆ ಮಿತಿಯ ಹತ್ತಿರ ಬರುತ್ತದೆ, ಸಣ್ಣ ಪರದೆಯಲ್ಲಿ ಕೊನೆ ಕತ್ತರಿಸಿ ಹೋಗುತ್ತದೆ. ಊರಿನ ವಿಷಯ ಡಿಸ್ಕ್ರಿಪ್ಶನ್‌ಗೆ ಬಿಡಿ. ‘ಸಂಪೂರ್ಣ ಮಾಹಿತಿ’ ಎಲ್ಲೂ ಬೇಡ, ಅದನ್ನು ಎಲ್ಲರೂ ಬರೆಯುತ್ತಾರೆ, ಯಾರೂ ಓದುವುದಿಲ್ಲ.

ಶಿರಸಿಯ ಅಕ್ಕ ಹೇಳಿದ್ದು ಈ ಇಡೀ ಚರ್ಚೆಯಲ್ಲಿ ಒಳ್ಳೆಯ ಮಾತು. ಟೈಟಲ್ ಏನು ಹೇಳುತ್ತದೋ ಅದನ್ನೇ ವಿಡಿಯೊದ ಮೊದಲ ಮಾತೂ ಹೇಳಬೇಕು ಅಂದರು. ನಿಮ್ಮ ಟ್ರೈಲರ್ ನೋಡಿದೆ. ಶುರುವಿನಲ್ಲಿ ಲೋಗೊ, ಸಂಗೀತ, ಆಮೇಲೆ ಡ್ರೋನ್‌ನಲ್ಲಿ ತೋಟ. ತುಡುವೆ ಪೆಟ್ಟಿಗೆ ಕಾಣುವಷ್ಟರಲ್ಲಿ ಜನ ಕೆಳಗೆ ಸರಿದಿರುತ್ತಾರೆ. ನೀವು ಚೌಕಟ್ಟು ಎತ್ತಿ ರಾಣಿ ತೋರಿಸುವ ತುಣುಕು ಇದೆಯಲ್ಲ, ಅದನ್ನು ಮುಂದಕ್ಕೆ ತನ್ನಿ. ಹೊಸ ಟೈಟಲ್ ಓದಿದವರಿಗೆ ಕೂಡಲೇ ಅದೇ ಕಣ್ಣಿಗೆ ಬೀಳಲಿ.

ಡಿಸ್ಕ್ರಿಪ್ಶನ್‌ನಲ್ಲಿ ನಿಮಗೆ ಬೇರೆ ತೊಂದರೆ ಇದೆ. ಆ ವಾಟ್ಸಾಪ್ ಲಿಂಕ್ ಬಹುಶಃ ನೀವು ಟ್ರೈಲರ್‌ಗೆ ಅಂತ ಹಾಕಿದ್ದಲ್ಲ. ಸ್ಟುಡಿಯೊದ Settings ಒಳಗೆ Upload defaults ಅಂತ ಇರುತ್ತದೆ, ಅಲ್ಲಿ ಬರೆದಿಟ್ಟದ್ದು ಹೊಸದಾಗಿ ಏರಿಸುವ ಪ್ರತಿ ವಿಡಿಯೊಗೂ ತಾನೇ ಬಂದು ಕೂರುತ್ತದೆ. ಬೇರೆ ವಿಡಿಯೊಗಳಿಗೆ ಅನುಕೂಲವೇ. ಟ್ರೈಲರ್‌ನಲ್ಲಿ ಮಾತ್ರ ಅದನ್ನು ಅಳಿಸಿ, ಇಲ್ಲವೇ ತಳಕ್ಕೆ ದೂಡಿ. ನೀವು ಯಾರು ಅಂತಲೇ ಗೊತ್ತಿಲ್ಲದವರನ್ನು ಗುಂಪಿಗೆ ಕರೆದರೆ ಯಾರು ಬರುತ್ತಾರೆ?

ಅದರ ಜಾಗದಲ್ಲಿ ಹೀಗಿರಲಿ:

ತೋಟದಲ್ಲಿ ಎರಡರಿಂದ ಹತ್ತು ಪೆಟ್ಟಿಗೆ ತುಡುವೆ ಇಡುವವರಿಗೆ ಈ ಚಾನೆಲ್. ಕರಾವಳಿ, ಮಲೆನಾಡಿನ ಮಳೆ ಮತ್ತು ಹೂವಿನ ಕಾಲಕ್ಕೆ ತಕ್ಕ ಹಾಗೆ ಕೆಲಸ ತೋರಿಸುತ್ತೇವೆ.
ಮೆಲ್ಲಿಫೆರಾ, ಮುಜಂಟಿ ಇಲ್ಲಿಲ್ಲ. ಪೆಟ್ಟಿಗೆ ಮಾರಾಟ ಇಲ್ಲ.
ಮೊದಲ ಸಲ ಇಡುವವರು ಇಲ್ಲಿಂದ ಶುರು ಮಾಡಿ: (ಪ್ಲೇಲಿಸ್ಟ್ ಲಿಂಕ್)
ಮಳೆಗಾಲದಲ್ಲಿ ಜೇನು ಪೆಟ್ಟಿಗೆ ಬಿಟ್ಟು ಹೋಗುತ್ತಿದ್ದರೆ: (ವಿಡಿಯೊ ಲಿಂಕ್)

5000 ಅಕ್ಷರ ಬರೆಯಲು ಜಾಗ ಇದೆ ಅಂತ ತುಂಬಿಸಲು ಹೋಗಬೇಡಿ. ಮೊದಲ ವಾಕ್ಯದಲ್ಲಿ ‘ಎರಡರಿಂದ ಹತ್ತು ಪೆಟ್ಟಿಗೆ’ ಅಂತ ಸಂಖ್ಯೆ ಹಾಕಿದ್ದು ಬೇಕಂತಲೇ. ನೂರು ಪೆಟ್ಟಿಗೆ ಲಾರಿಯಲ್ಲಿ ಸಾಗಿಸುವವರಿಗೆ ಇದು ತಮ್ಮದಲ್ಲ ಅಂತ ತಿಳಿಯುತ್ತದೆ. ಮನೆ ಹಿಂದೆ ಒಂದು ಪೆಟ್ಟಿಗೆ ಇಡಬೇಕು ಅಂತಿರುವವರಿಗೆ ಧೈರ್ಯ ಬರುತ್ತದೆ. ಮಳೆಗಾಲದ ಲಿಂಕ್ ಯಾಕೆಂದರೆ ನಮ್ಮ ಕಡೆ ತುಡುವೆ ಇಟ್ಟವರು ಗಾಬರಿಯಾಗಿ ಯೂಟ್ಯೂಬ್ ತೆರೆಯುವುದೇ ಆಗ. ಹೂವಿಲ್ಲ, ಸಕ್ಕರೆ ಪಾಕ ಕೊಡಲು ಮರೆತಿರುತ್ತಾರೆ, ಒಂದು ಬೆಳಿಗ್ಗೆ ನೋಡಿದರೆ ಪೆಟ್ಟಿಗೆ ಖಾಲಿ.

‘ಇಲ್ಲಿಲ್ಲ’ ಅನ್ನುವ ಸಾಲು ಕೆಲವರಿಗೆ ಹಿಡಿಸುವುದಿಲ್ಲ. ಪುತ್ತೂರಿನವರು ಮೇಲೆ ‘ಬಂದವರನ್ನು ಯಾಕೆ ಓಡಿಸಬೇಕು’ ಅಂತ ಕೇಳಿದ್ದಾರೆ. ಅವರ ಚಾನೆಲ್‌ನಲ್ಲಿ ಎಲ್ಲ ಕೃಷಿಯೂ ಇದೆ, ಅವರಿಗೆ ಅದು ಸರಿ. ನಿಮ್ಮದು ಒಂದೇ ಬಗೆಯ ಜೇನು. ತಪ್ಪು ಜೇನಿಗೆ ತಪ್ಪು ಅಳತೆಯ ಪೆಟ್ಟಿಗೆ ಕೊಂಡು ಆಮೇಲೆ ನಿಮ್ಮನ್ನು ಬೈಯುವುದಕ್ಕಿಂತ ಮೊದಲೇ ಹೋಗಲಿ ಬಿಡಿ. ಮುಂದೆ ಮುಜಂಟಿ ಶುರು ಮಾಡುವ ಯೋಚನೆ ಇದ್ದರೆ ಆ ಪದ ತೆಗೆಯಿರಿ, ಅಷ್ಟೇ.

ಕೆಳಗೆ ಒಬ್ಬರು ‘ಡಿಸ್ಕ್ರಿಪ್ಶನ್ 1000 ಅಕ್ಷರಕ್ಕಿಂತ ಜಾಸ್ತಿ ಹಿಡಿಯಲ್ಲ, ಇಮೇಲ್ ಹಾಕಿ’ ಅಂದಿದ್ದು ಚಾನೆಲ್‌ನ ವಿವರದ ಬಗ್ಗೆ. ಅದು ಬೇರೆ ಜಾಗ. ಅಲ್ಲಿಯೂ ಇದೇ ಮೊದಲ ವಾಕ್ಯ ಹಾಕಬಹುದು, ಆದರೆ ಇಲ್ಲಿ ಕೇಳಿದ್ದು ಟ್ರೈಲರ್ ವಿಡಿಯೊದ ಡಿಸ್ಕ್ರಿಪ್ಶನ್. ಇನ್ನೊಬ್ಬರು ತಮ್ಮ ಟ್ರೈಲರ್‌ಗೆ ಇಷ್ಟು ವ್ಯೂ ಇದ್ದರೂ ದುಡ್ಡು ಬಂದಿಲ್ಲ ಅಂತ ಬೇಜಾರು ಹೇಳಿಕೊಂಡಿದ್ದಾರೆ. ಚಾನೆಲ್ ಪುಟದಲ್ಲಿ ಟ್ರೈಲರ್ ಆಗಿ ಓಡುವಾಗ ಜಾಹೀರಾತು ಬರುವುದಿಲ್ಲ ಸರ್. ಬೇರೆಯವರ ಹಾಡು ಗೀಡು ಹಾಕಿ ಅವರು ಕ್ಲೇಮ್ ಮಾಡಿದ್ದರೆ ಮಾತ್ರ ಬರಬಹುದು.

ಇಂಗ್ಲಿಷ್ ಟೈಟಲ್ ಬೇಕಾ ಅಂದರೆ, ಕನ್ನಡದ ಜೊತೆ ಒಂದೇ ಸಾಲಿನಲ್ಲಿ ಬೆರೆಸಬೇಡಿ. ಸ್ಟುಡಿಯೊದಲ್ಲಿ ಪ್ರತಿ ವಿಡಿಯೊಗೂ ಬೇರೆ ಭಾಷೆಯ ಟೈಟಲ್, ಡಿಸ್ಕ್ರಿಪ್ಶನ್ ಸೇರಿಸಬಹುದು. ಆದರೆ ನೆನಪಿಡಿ, ಯಾವುದು ಕಾಣುತ್ತದೆ ಅನ್ನುವುದು ನೋಡುವವರ ಭಾಷೆಯ ಸೆಟ್ಟಿಂಗ್ ಮೇಲೆ ಹೋಗುತ್ತದೆ. ನಮ್ಮಲ್ಲಿ ಎಷ್ಟೋ ಜನರ ಫೋನ್ ಇಂಗ್ಲಿಷಿನಲ್ಲೇ ಇರುತ್ತದೆ, ಅವರಿಗೆ ಇಂಗ್ಲಿಷ್ ಟೈಟಲ್ಲೇ ಕಾಣಬಹುದು. ಅದಕ್ಕೆ ಅದರಲ್ಲೂ ಕನ್ನಡ ಅಂತ ಇರಲಿ:

Tuduve Beekeeping in Kannada: First Box to Harvest

ಬದಲಿಸಿದ ಮೇಲೆ ನಿಮ್ಮ ಅಕೌಂಟ್‌ನಿಂದ ನೋಡಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಲಾಗಿನ್ ಇಲ್ಲದ ಪ್ರೈವೇಟ್ ವಿಂಡೋದಲ್ಲಿ ಚಾನೆಲ್ ತೆರೆಯಿರಿ, ಹೊಸಬರಿಗೆ ಕಾಣುವುದು ಅದೇ. ‘ಮೆಲ್ಲಿಫೆರಾ ಇಲ್ಲಿಲ್ಲ’ ಅನ್ನುವ ಸಾಲು ಎಲ್ಲೂ ಒತ್ತದೆಯೇ ಕಾಣುತ್ತದೆಯಾ ನೋಡಿ. ಕಾಣದಿದ್ದರೆ ಮೊದಲ ಎರಡು ವಾಕ್ಯ ಇನ್ನೂ ಚಿಕ್ಕದು ಮಾಡಿ.

ಕೆಲಸ ಮಾಡಿತಾ ಅಂತ ತಿಳಿಯುವುದು ಸ್ವಲ್ಪ ಕಷ್ಟ. ವ್ಯೂ ಲೆಕ್ಕ ನಂಬಬೇಡಿ, ತಾನೇ ಓಡುವ ವಿಡಿಯೊ ಅದು. ನಾನು ನೋಡುವುದು ಪ್ಲೇಲಿಸ್ಟಿನ ಮೊದಲ ವಿಡಿಯೊದ ಅನಲಿಟಿಕ್ಸ್. ಅಲ್ಲಿ ನೋಡುವವರು ಎಲ್ಲಿಂದ ಬಂದರು ಅನ್ನುವ ಪಟ್ಟಿಯಲ್ಲಿ Suggested videos ಒತ್ತಿದರೆ ಯಾವ ಯಾವ ವಿಡಿಯೊದಿಂದ ಬಂದರು ಅಂತ ಇರುತ್ತದೆ. ಡಿಸ್ಕ್ರಿಪ್ಶನ್‌ನ ಲಿಂಕ್ ಒತ್ತಿ ಬಂದವರನ್ನೂ ಅದರಲ್ಲೇ ಸೇರಿಸುತ್ತಾರೆ. ಟ್ರೈಲರ್ ಹೆಸರು ಅಲ್ಲಿ ಕಾಣಲು ಶುರುವಾದರೆ ಒಳ್ಳೆಯ ಲಕ್ಷಣ. ಆದರೆ ಬಂದವರಲ್ಲಿ ಲಿಂಕ್ ಒತ್ತಿದವರು ಎಷ್ಟು, ಯೂಟ್ಯೂಬ್ ತಾನೇ ಸೂಚಿಸಿ ಬಂದವರು ಎಷ್ಟು ಅಂತ ಬಿಡಿಸಿ ತೋರಿಸುವುದಿಲ್ಲ. ಚಿಕ್ಕ ಚಾನೆಲ್‌ನಲ್ಲಿ ಕೆಲವು ವಾರ ಕಾಯಬೇಕು. ಅದಕ್ಕಿಂತ ಸುಲಭದ ಲೆಕ್ಕ ನಿಮ್ಮ ಕಮೆಂಟ್‌ನಲ್ಲೇ ಇದೆ: ಮೆಲ್ಲಿಫೆರಾ ಕೇಳುವವರು ಕಡಿಮೆಯಾದರಾ, ‘ಗೂಡು ಪಾಲು ಯಾವಾಗ ಮಾಡೋದು’ ಅಂತ ಕೇಳುವವರು ಬಂದರಾ?

‘ತಿಂಗಳಿಗೆ ಎರಡು ವಿಡಿಯೊ’ ಅಂತ ಬರೆಯಬೇಕಾ ಅನ್ನುವುದು ಮಾತ್ರ ನನಗೆ ತೀರ್ಮಾನವಾಗಿಲ್ಲ. ಶಿರಸಿಯ ಅಕ್ಕ ಬರೆಯಿರಿ ಅನ್ನುತ್ತಾರೆ. ಜನವರಿಯಿಂದ ಮೇ ತನಕ ನಿಮಗೆ ತೋರಿಸಲು ಬೇಕಾದಷ್ಟಿರುತ್ತದೆ, ಜೂನ್ ಬಂದರೆ ಪೆಟ್ಟಿಗೆ ತೆರೆಯುವುದೇ ಅಪರೂಪ. ‘ಮಳೆಗಾಲದಲ್ಲಿ ವಿಡಿಯೊ ಕಡಿಮೆ’ ಅಂತ ಬರೆದರೆ ಹೇಗೆ? ಇಲ್ಲಿ ಯಾರಾದರೂ ಹಾಗೆ ಹಾಕಿ ನೋಡಿದ್ದರೆ ಹೇಳಿ.