ನೆಟ್ ನಿಂತಾಗ ಗ್ರಾಹಕರಿಗೆ ಹೇಳೋದೇನು?

ಪ್ರಶ್ನೆ: ನಮ್ಮದು ಚಿಕ್ಕ ಬ್ರಾಡ್‌ಬ್ಯಾಂಡ್ ಸಂಸ್ಥೆ. ಕೇಬಲ್ ತುಂಡಾದಾಗ ಫೋನ್ ಮಾಡಿದವರಿಗೆ ಏನು ಹೇಳಬೇಕು?

ಏನು ನಿಂತಿದೆ, ಯಾವಾಗಿಂದ, ಮುಂದಿನ ಸುದ್ದಿ ಎಷ್ಟು ಗಂಟೆಗೆ, ಇಷ್ಟು ಹೇಳಿ. ಹೀಗೆ: "ಬೆಳಿಗ್ಗೆ 9:40ರಿಂದ ನಿಮ್ಮ ಬಡಾವಣೆಗೆ ನಮ್ಮ ನೆಟ್ ಬರುತ್ತಿಲ್ಲ. ಫೈಬರ್ ತುಂಡಾಗಿದೆ, ನಮ್ಮವರು ಸ್ಥಳದಲ್ಲಿದ್ದಾರೆ. ನಿಮ್ಮ ಕೆಲಸ ನಿಂತಿದೆ, ಕ್ಷಮಿಸಿ. 11ಕ್ಕೆ ಮತ್ತೆ ತಿಳಿಸುತ್ತೇವೆ."

ರಿಪೇರಿ ಮುಗಿಯುವ ಗಂಟೆಯನ್ನು ಮೊದಲೇ ಹೇಳಬೇಡಿ. ತುಂಡಾದ ಜಾಗ ಎಷ್ಟು ದೂರ ಅಂತ ಫೈಬರಿನಲ್ಲಿ ಬೆಳಕು ಹಾಯಿಸುವ ಯಂತ್ರ ಬೇಗ ತೋರಿಸುತ್ತದೆ. ಆದರೆ ಎಷ್ಟು ಎಳೆ ಬೆಸೆಯಬೇಕು ಅನ್ನೋದು ಅಗೆದ ಮೇಲೇ ಗೊತ್ತಾಗೋದು. ಮುಂದಿನ ಸುದ್ದಿಯ ಹೊತ್ತು ಮಾತ್ರ ನಿಮ್ಮ ಕೈಯಲ್ಲಿದೆ. 11ಕ್ಕೆ ಹೊಸದೇನೂ ಇಲ್ಲದಿದ್ದರೂ ಅದನ್ನೇ ಹೇಳಿ.

"ರಸ್ತೆ ಅಗೆದವರು ಕತ್ತರಿಸಿದರು" ಅನ್ನೋದು ನಿಜವೇ ಇರಬಹುದು. ಗ್ರಾಹಕರು ದುಡ್ಡು ಕಟ್ಟಿದ್ದು ನಿಮಗೆ ಅಲ್ವಾ?