ಕುದಿಸಬೇಕಾ, ಸುಮ್ನೆ ಬಿಸಿನೀರು ಸುರಿದರೆ ಸಾಕಾ?

ಪ್ರಶ್ನೆ: ಕಷಾಯ, ಇನ್ಫ್ಯೂಷನ್ ಎರಡರಲ್ಲೂ ಮೂಲಿಕೆಯ ಸಾರ ನೀರಿಗೇ ಇಳಿಯುತ್ತದೆ ಅಲ್ವಾ? ಮತ್ತೆ ವ್ಯತ್ಯಾಸ ಏನು? ಯಾವ ಭಾಗಕ್ಕೆ ಯಾವುದು ಸರಿ? ನನ್ನ ಹತ್ತಿರ ಜ್ಯೇಷ್ಠಮಧು, ಚಕ್ಕೆ, ತುಳಸಿ ಇವೆ. ಮೂರನ್ನೂ ಒಟ್ಟಿಗೆ ಹಾಕಿ ಕುದಿಸಬಹುದಾ?

ಒಟ್ಟಿಗೆ ಬೇಡ. ಒಂದೇ ಪಾತ್ರೆ ಸಾಕು, ಆದರೆ ಮೂರೂ ಬೇರೆ ಬೇರೆ ಹೊತ್ತಿಗೆ ನೀರಿಗೆ ಬೀಳಬೇಕು.

ಇನ್ಫ್ಯೂಷನ್ ಅಂದರೆ ಕುದ್ದ ನೀರನ್ನು ಮೂಲಿಕೆಯ ಮೇಲೆ ಸುರಿದು, ಮುಚ್ಚಿ, 5ರಿಂದ 15 ನಿಮಿಷ ಬಿಟ್ಟು ಸೋಸುವುದು. ಮೂಲಿಕೆ ನೀರಿಗೆ ಸೇರಿದ ಮೇಲೆ ಉರಿ ತಾಗುವುದೇ ಇಲ್ಲ. ಕಷಾಯಕ್ಕೆ ಮೂಲಿಕೆಯನ್ನು ತಣ್ಣೀರಿಗೇ ಹಾಕಿ, ಒಲೆಯ ಮೇಲಿಟ್ಟು, ಸಣ್ಣ ಉರಿಯಲ್ಲಿ 20ರಿಂದ 40 ನಿಮಿಷ ಕುದಿಸುತ್ತೇವೆ. ನೀರು ಇಂಗಿ ಕಡಿಮೆಯಾಗುವುದರಿಂದ ಕಷಾಯ ಗಟ್ಟಿಯೂ ಆಗುತ್ತದೆ.

ಎಲೆ, ಹೂವಿಗೆ ಇನ್ಫ್ಯೂಷನ್, ಬೇರು, ತೊಗಟೆ, ಕಾಂಡಕ್ಕೆ ಕಷಾಯ ಅನ್ನುವುದು ಎಲ್ಲರೂ ಹೇಳುವ ಸೂತ್ರ. ಸುಳ್ಳೇನಲ್ಲ. ಆದರೆ ನಾನು ಅದನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಮೂಲಿಕೆ ಕೈಗೆ ಬಂದಾಗ ಎರಡು ವಿಷಯ ನೋಡುತ್ತೇನೆ. ಅದು ಎಷ್ಟು ಗಟ್ಟಿ? ನಮಗೆ ಬೇಕಾದದ್ದು ಹಬೆಯ ಜೊತೆ ಹಾರಿಹೋಗುವಂಥದ್ದಾ?

ಮೊದಲು ಗಟ್ಟಿತನ. ಒಣಗಿದ ಬೇರು, ತೊಗಟೆಗಳ ಜೀವಕೋಶದ ಗೋಡೆ ದಪ್ಪ, ಅದರಲ್ಲಿ ಮರಕ್ಕೆ ಬಿಗಿ ಕೊಡುವ ಲಿಗ್ನಿನ್ ಜಾಸ್ತಿ. ನೀರು ಒಳಗೆ ನುಗ್ಗಬೇಕು, ಚೂರು ಉಬ್ಬಬೇಕು, ಆಮೇಲೆ ಸಾರ ನಿಧಾನವಾಗಿ ಹೊರಗೆ ಬರಬೇಕು. ಲೋಟದಲ್ಲಿ ತಣ್ಣಗಾಗುತ್ತಿರುವ ನೀರಿಗೆ ಅಷ್ಟು ಹೊತ್ತು ಶಾಖ ಉಳಿಯುವುದಿಲ್ಲ. ಅದಕ್ಕೇ ತಣ್ಣೀರಿನಿಂದ ಶುರು ಮಾಡುವುದು. ಅರ್ಧ ಗಂಟೆ ಮುಂಚೆ ನೆನೆಸಿಟ್ಟರೆ ಇನ್ನೂ ಒಳ್ಳೆಯದು. ಎಲೆ ತೆಳ್ಳಗಿರುತ್ತದೆ, ಬಿಸಿನೀರು ಕ್ಷಣದಲ್ಲಿ ಒಳಗೆ ಇಳಿಯುತ್ತದೆ. ಅಮೃತಬಳ್ಳಿಯನ್ನೇ ನೋಡಿ, ಅದರ ಎಲೆಗೆ ಬಿಸಿನೀರು ಸಾಕು, ಒಣಗಿದ ಕಾಂಡವನ್ನು ಕುದಿಸಲೇಬೇಕು.

ಇನ್ನು ಹಾರಿಹೋಗುವ ವಿಷಯ. ಜನ ಎಡವುವುದು ಇಲ್ಲೇ. ತುಳಸಿ, ಪುದೀನದ ಪರಿಮಳ ಅವುಗಳ ಎಣ್ಣೆಯಲ್ಲಿದೆ. ಆ ಎಣ್ಣೆ ಎಲೆಯ ಮೇಲ್ಮೈಯಲ್ಲೇ, ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಲ್ಲಿ ಕೂತಿರುತ್ತದೆ. ಪುದೀನದ ಮೆಂಥಾಲ್ ಕುದಿಯುವುದು ಸುಮಾರು 212 ಡಿಗ್ರಿಗೆ, ನೀರು ಕುದಿಯುವುದು 100ಕ್ಕೆ. ಹಾಗಿದ್ದರೆ ಕುದಿಸಿದರೂ ಎಣ್ಣೆ ಪಾತ್ರೆಯಲ್ಲೇ ಉಳಿಯಬೇಕಲ್ಲ ಅನಿಸುತ್ತದೆ. ಉಳಿಯುವುದಿಲ್ಲ. ನೀರಿನಲ್ಲಿ ಸರಿಯಾಗಿ ಬೆರೆಯದ ಈ ಎಣ್ಣೆಗಳು ತಮ್ಮ ಕುದಿಬಿಂದುವಿಗಿಂತ ಎಷ್ಟೋ ಕೆಳಗೇ ಹಬೆಯ ಜೊತೆ ಹೊರಡುತ್ತವೆ. ಸುಗಂಧ ತೈಲ ತೆಗೆಯುವವರು ಹಬೆ ಹಾಯಿಸಿ ಎಣ್ಣೆ ಇಳಿಸುವುದೂ ಇದೇ ಗುಣವನ್ನು ನಂಬಿಕೊಂಡು. ತುಳಸಿಯನ್ನು ಮುಚ್ಚಳ ತೆಗೆದು ಅರ್ಧ ಗಂಟೆ ಕುದಿಸಿದರೆ ನೀವು ಮಾಡುತ್ತಿರುವುದೂ ಅದೇ ಕೆಲಸ. ಒಂದೇ ವ್ಯತ್ಯಾಸ, ಎಣ್ಣೆಯನ್ನು ಹಿಡಿದಿಡುವವರು ಯಾರೂ ಇಲ್ಲ. ಅಡುಗೆಮನೆ ಘಮ್ ಅನ್ನುತ್ತಿದೆ ಅಂದರೆ ಲೋಟಕ್ಕೆ ಬರಬೇಕಾದ್ದು ಗಾಳಿಗೆ ಹೋಗುತ್ತಿದೆ ಅಂತ ಅರ್ಥ. ಇನ್ಫ್ಯೂಷನ್‌ನಲ್ಲೂ ಮುಚ್ಚಳ ಹಾಕಿ ಅನ್ನುವುದು ಇದಕ್ಕೇ. ಮುಚ್ಚಳದ ಒಳಗೆ ಕೂತ ಹನಿಗಳನ್ನೂ ವಾಪಸ್ ಲೋಟಕ್ಕೇ ಕೊಡವಿ.

ಈ ಎರಡು ಪ್ರಶ್ನೆ ಗೊತ್ತಿದ್ದರೆ ಸೂತ್ರ ಎಲ್ಲಿ ಮುರಿಯುತ್ತದೆ ಅನ್ನುವುದು ತಾನಾಗಿ ಕಾಣುತ್ತದೆ. ಸೋಂಪು ಗಟ್ಟಿ ಕಾಳು, ಆದರೆ ಅದರಲ್ಲಿ ಬೇಕಾದ್ದು ಪರಿಮಳದ ಎಣ್ಣೆ. ಅದು ಕಾಳಿನೊಳಗಿನ ಸಣ್ಣ ನಾಳಗಳಲ್ಲಿ ಇರುತ್ತದೆ. ಹಾಕುವ ಹೊತ್ತಿಗೇ ಜಜ್ಜಿ, ಬಿಸಿನೀರು ಸುರಿದು, ಮುಚ್ಚಿಡಬೇಕು. ಇಡೀ ಕಾಳಿನ ಮೇಲೆ ನೀರು ಸುರಿದರೆ ಹೆಚ್ಚೇನೂ ಇಳಿಯುವುದಿಲ್ಲ, ಕುದಿಸಿದರೆ ಪರಿಮಳ ಹೋಗುತ್ತದೆ. ಲಾವಂಚವೂ ಒಂದು ಬೇರು, ಆದರೆ ಅದರ ಬೆಲೆಯೆಲ್ಲ ಪರಿಮಳದಲ್ಲಿದೆ, ಹಾಗಾಗಿ ತಣ್ಣೀರಿನಲ್ಲಿ ಗಂಟೆಗಟ್ಟಲೆ ನೆನೆಸುವುದೇ ಸರಿ. ಅಗಸೆ ಬೀಜದ ಲೋಳೆಯೂ ಸುಮ್ನೆ ನೆನೆಸಿದರೆ ಬಿಡುತ್ತದೆ. ಕುದಿಸಿದರೆ ಸೋಸಲಾಗದಷ್ಟು ಗಟ್ಟಿಯಾಗಿ ಕೂರುತ್ತದೆ.

ಈಗ ನಿಮ್ಮ ಮೂರು ಮೂಲಿಕೆ. ಎರಡು ಲೋಟದಷ್ಟು ಮಾಡುವ ಲೆಕ್ಕದಲ್ಲಿ ಹೇಳುತ್ತೇನೆ.

ಜ್ಯೇಷ್ಠಮಧು ಬೇರು 5 ಗ್ರಾಂ ತೆಗೆದುಕೊಂಡು ಸಣ್ಣ ಚೂರು ಮಾಡಿ. ನುಣ್ಣಗೆ ಪುಡಿ ಮಾಡಬೇಡಿ, ಸೋಸುವಾಗ ಕೆಸರು ಕೆಸರಾಗುತ್ತದೆ. 600 ಮಿಲಿ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಅದೇ ನೀರನ್ನು ಒಲೆಗೆ ಇಡಿ. ಸ್ಟೀಲ್ ಅಥವಾ ಗಾಜಿನ ಪಾತ್ರೆ ಇರಲಿ. ಬರಿ ಕಬ್ಬಿಣದ ಪಾತ್ರೆ ಬೇಡ. ತೊಗಟೆಯ ಒಗರು ಅಂಶ ಕಬ್ಬಿಣದ ಜೊತೆ ಸೇರಿದರೆ ಕಷಾಯ ಕಪ್ಪಾಗುತ್ತದೆ. ಕುದಿ ಬಂದ ಮೇಲೆ ಉರಿ ಸಿಮ್‌ಗೆ ಇಳಿಸಿ 15 ನಿಮಿಷ ಬಿಡಿ. ಇದರ ಸಿಹಿ ಕೊಡುವ ಗ್ಲಿಸಿರೈಜಿನ್ ಹಬೆಯ ಜೊತೆ ಹಾರುವಂಥದ್ದಲ್ಲ, ಹಾಗಾಗಿ ಈ ಹಂತದಲ್ಲಿ ಮುಚ್ಚಳ ತೆಗೆದಿದ್ದರೂ ನಷ್ಟವಿಲ್ಲ.

ಆಮೇಲೆ ಬೆರಳುದ್ದದ ಒಂದು ಚಕ್ಕೆ, ಮುರಿದು ಹಾಕಿ. ಮೂರರಲ್ಲಿ ತರಲೆ ಇದೊಂದೇ. ತೊಗಟೆಯಾದ್ದರಿಂದ ಕುದಿ ಬೇಕು, ಎಣ್ಣೆ ಇರುವುದರಿಂದ ಜಾಸ್ತಿ ಕುದಿಸಬಾರದು. ಈಗ ಮುಚ್ಚಳ ಹಾಕಿ, ಅದೇ ಸಣ್ಣ ಉರಿಯಲ್ಲಿ 10 ನಿಮಿಷ.

ಒಲೆ ಆರಿಸಿ. ಕುದಿ ಪೂರ್ತಿ ನಿಂತ ಮೇಲೆ 15–20 ತುಳಸಿ ಎಲೆ ಕೈಯಲ್ಲೇ ಹರಿದು ಹಾಕಿ, ಮುಚ್ಚಿ, ಇನ್ನು 10 ನಿಮಿಷ ಮುಟ್ಟಬೇಡಿ. ನಂತರ ಸೋಸಿ. ಸುಮಾರು 400 ಮಿಲಿ ಉಳಿದಿರುತ್ತದೆ. ಅದಕ್ಕಿಂತ ತೀರಾ ಕಡಿಮೆ ಉಳಿದಿದ್ದರೆ ಉರಿ ಜಾಸ್ತಿಯಾಗಿತ್ತು ಅಂತ ತಿಳಿಯಿರಿ. ಮುಂದಿನ ಸಲ ನೀರಿನ ಅಳತೆ ಬದಲಿಸಬೇಡಿ, ಉರಿ ತಗ್ಗಿಸಿ.

ಸಾರ ಇಳಿದಿದೆಯಾ ಅಂತ ಬಣ್ಣ ನೋಡಿ ಹೇಳುವುದು ಕಷ್ಟ, ಬಣ್ಣ ಮೊದಲೇ ಬಿಟ್ಟುಬಿಡುತ್ತದೆ. ನಾನು ಮಾಡುವುದು ಇಷ್ಟೇ: ಸೋಸಿದ ಮೇಲೆ ಉಳಿದ ಬೇರಿನ ಒಂದು ಚೂರು ಕಚ್ಚಿ ನೋಡುತ್ತೇನೆ. ಒಳಗೆ ಇನ್ನೂ ಸಿಹಿ ಉಳಿದಿದ್ದರೆ ಚೂರು ದಪ್ಪ ಆಯಿತು ಅಥವಾ ಹೊತ್ತು ಸಾಲಲಿಲ್ಲ. ಬೇರು ಸಪ್ಪೆಯಾಗಿದ್ದರೆ ಕೆಲಸ ಮುಗಿದಿದೆ, ಇನ್ನೂ ಕುದಿಸುವುದು ಗ್ಯಾಸ್ ದಂಡ. ಕುಡಿದಾಗ ನಾಲಿಗೆ ಒಣಗಿದಂತೆ ಒಗರೊಗರಾದರೆ ಎಲೆ ಅಥವಾ ತೊಗಟೆ ಬಿಸಿನೀರಿನಲ್ಲಿ ಜಾಸ್ತಿ ಹೊತ್ತು ಕೂತಿದೆ, ಒಗರು ಕೊಡುವ ಟ್ಯಾನಿನ್ ಇಳಿದಿದೆ.

ಜ್ಯೇಷ್ಠಮಧು ಬಗ್ಗೆ ಒಂದು ಮಾತು ಹೇಳಲೇಬೇಕು. ಕಷಾಯದಲ್ಲಿ ಗ್ಲಿಸಿರೈಜಿನ್ ಚೆನ್ನಾಗಿ ಇಳಿಯುತ್ತದೆ, ಅದು ಜಾಸ್ತಿಯಾದರೆ ರಕ್ತದೊತ್ತಡ ಏರಿಸಿ ಪೊಟ್ಯಾಷಿಯಂ ಇಳಿಸುತ್ತದೆ. ಬಿಪಿ ಇರುವವರು, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಇದನ್ನು ಬಿಡುವುದೇ ಒಳ್ಳೆಯದು. ಉಳಿದವರಿಗೂ ವಾರಗಟ್ಟಲೆ ದಿನಾ ಬೇಡ. ಬೇರು ಬಿಟ್ಟರೆ ನಿಮಗೆ ಉಳಿಯುವುದು ಚಕ್ಕೆ, ತುಳಸಿ. ಆಗ 500 ಮಿಲಿ ನೀರಿಗೆ ಚಕ್ಕೆ ಹಾಕಿ, ಮುಚ್ಚಿ, ಕುದಿ ಬಂದ ಮೇಲೆ 10 ನಿಮಿಷ. ತುಳಸಿ ಮೊದಲಿನ ಹಾಗೇ, ಒಲೆ ಆರಿಸಿದ ಮೇಲೆ.